ಅಡ್ಡಹೆಸರಿನ ಮೂರನೇ ಕಲಂ

ಟರ್ಕಿಯ 1934ರ ಅಡ್ಡಹೆಸರು ಕಾಯ್ದೆಯನ್ನು ಹೊಗಳುವವರ ವಾದ ಸರಳ: ಊರಿಗೆ ಹತ್ತು ಮೆಹ್ಮೆತ್ ಇದ್ದರೆ ತೆರಿಗೆ ಯಾರಿಂದ ವಸೂಲಿ ಮಾಡುವುದು, ಸೈನ್ಯಕ್ಕೆ ಯಾರನ್ನು ಕರೆಯುವುದು? ಒಪ್ಪೋಣ. ಅಷ್ಟೇ ಉದ್ದೇಶವಾಗಿದ್ದರೆ, ಪ್ರತಿ ಮನೆಯವರೂ ತಮಗೆ ಬೇಕಾದ ಒಂದು ಹೆಸರು ಬರೆಸಲಿ ಎಂದರೆ ಸಾಕಿತ್ತು. ಕಾಯ್ದೆಯ ಮೂರನೇ ಕಲಂ ಅಲ್ಲಿಗೆ ನಿಲ್ಲಲಿಲ್ಲ. ಬುಡಕಟ್ಟಿನ ಹೆಸರು ಕೂಡದು, ಪರಕೀಯ ಜನಾಂಗದ ಹೆಸರೂ ಕೂಡದು ಎಂದಿತು. ಅದೇ ವರ್ಷದ ನಿಯಮಾವಳಿ ಅರ್ಮೇನಿಯನ್ನರ ‘ಯಾನ್’, ಗ್ರೀಕರ ‘ಪುಲೊಸ್’, ಸ್ಲಾವರ ‘ಒಫ್’ ಪ್ರತ್ಯಯಗಳನ್ನು ಹೆಸರು ಹೆಸರಾಗಿ ನಿಷೇಧಿಸಿತು. ಬಾಲದಲ್ಲೊಂದು ಪ್ರತ್ಯಯ ಉಳಿದರೆ ತೆರಿಗೆ ಗುಮಾಸ್ತನಿಗೇನು ಕಷ್ಟ?

ಆರಿಸುವ ಹಕ್ಕು ಮನೆಯ ಯಜಮಾನನೆಂದು ಗಂಡನದು. ಎರಡು ವರ್ಷದ ಗಡುವಿನೊಳಗೆ ಆರಿಸದವರಿಗೆ ಅಧಿಕಾರಿಗಳೇ ಇಟ್ಟರು. ಅಂಜದವ ಎಂಬರ್ಥದ ಯಿಲ್ಮಾಜ್, ಕಬ್ಬಿಣ ಎಂಬರ್ಥದ ದೆಮಿರ್ ಎಲ್ಲೆಡೆ ಹಬ್ಬಿದವು. ‘ಅಪ್ಪಟ ತುರ್ಕ’ ಎನ್ನುವ ಓಜ್‌ತುರ್ಕ್ ಕೂಡ. ಕುರ್ದಿಶ್ ರಾಜಕಾರಣಿ ಅಹ್ಮೆತ್ ತುರ್ಕ್ ಅವರನ್ನೇ ನೋಡಿ. ದಶಕಗಳಿಂದ ಕುರ್ದರ ಪರ ಮಾತಾಡಿದವರು; ಪ್ರತಿ ದಾಖಲೆಯಲ್ಲೂ ಅವರ ಹೆಸರಿನ ಬೆನ್ನಿಗೆ ‘ತುರ್ಕ’. ಇನ್ನು ಮುಸ್ತಫಾ ಕೆಮಾಲರಿಗೆ ಸಂಸತ್ತೇ ‘ಅತಾತುರ್ಕ್’ ಎಂಬ ಹೆಸರು ಕೊಟ್ಟು, ಬೇರೆ ಯಾರೂ ಇಟ್ಟುಕೊಳ್ಳದಂತೆ ಕಾಪಾಡಿತು. ಹೆಸರು ಬರೀ ದಫ್ತರದ ಅನುಕೂಲವಲ್ಲ ಎಂದು ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತಿತ್ತು.

ಹಳೆಯ ಕತೆ ಬಿಡಿ ಎನ್ನುವವರಿದ್ದಾರೆ. ಸಿರಿಯಾಕ್ ಪ್ರಜೆಯೊಬ್ಬರು ತಮ್ಮ ಸಮುದಾಯದ ಅಡ್ಡಹೆಸರು ಬೇಕೆಂದು ಹೂಡಿದ ಮೊಕದ್ದಮೆ ಸಾಂವಿಧಾನಿಕ ನ್ಯಾಯಾಲಯದವರೆಗೂ ಹೋಯಿತು. 2011ರಲ್ಲಿ ನ್ಯಾಯಾಲಯ ಮೂರನೇ ಕಲಮಿನ ಆ ನಿಷೇಧವನ್ನೇ ಎತ್ತಿಹಿಡಿಯಿತು.