ಕೊಡು, ಕೊಡಿ, ಕೊಡ್ತೀರಾ

ಕನ್ನಡದಲ್ಲಿ 'ಪ್ಲೀಸ್' ಎನ್ನಲು ದಿನಬಳಕೆಯ ಪದವಿಲ್ಲ, ಅದಕ್ಕೇ ಈ ಭಾಷೆ ಒರಟು ಎಂದು ಗೆಳೆಯನೊಬ್ಬ ಹೇಳಿದ. ನಾನು ಒಪ್ಪುವುದಿಲ್ಲ.

ಮನೆಯಲ್ಲಿ ಉರ್ದು ಮಾತಾಡುವ ನಾನು ಇದನ್ನು ಕಲಿತದ್ದು ಕೊರಟಗೆರೆಗೆ ಬರುವ ಬಸ್ಸಿನಲ್ಲಿ. ಹಿರಿಯ ಕಂಡಕ್ಟರ್ ಒಬ್ಬರಿಗೆ "ದಯವಿಟ್ಟು ಚಿಲ್ಲರೆ ಕೊಡು" ಎಂದೆ. ಅವರ ಮುಖ ಗಂಟಾಯಿತು. ಪಕ್ಕದಲ್ಲಿದ್ದ ಅಜ್ಜಿ "ಕೊಡಿ ಅನ್ನಪ್ಪ" ಎಂದರು. ಕೊನೆಯ ಒಂದು 'ಇ' ಮಾಡುವ ಕೆಲಸವನ್ನು 'ದಯವಿಟ್ಟು' ಮಾಡಲಿಲ್ಲ.

ಇನ್ನೂ ನಯ ಬೇಕಾದರೆ "ಸ್ವಲ್ಪ ಕೊಡ್ತೀರಾ" ಎಂದು ಕೇಳುತ್ತೇವೆ. ಅದು ಪ್ರಶ್ನೆಯಾದ್ದರಿಂದ ಇಲ್ಲ ಎನ್ನಲು ಎದುರಿನವರಿಗೆ ಜಾಗವಿರುತ್ತದೆ. ಆ 'ಸ್ವಲ್ಪ' ನಮ್ಮ ಮನೆಯ 'ಜರಾ' ಇದ್ದಂತೆ. ಉರ್ದುವಿನಲ್ಲೂ ದೇ, ದೋ, ದೀಜಿಯೇ ಎಂದು ಕ್ರಿಯಾಪದವೇ ಬದಲಾಗುತ್ತದೆ.

'ದಯವಿಟ್ಟು' ಹೆಚ್ಚಾಗಿ ಇರುವುದು ಬೋರ್ಡುಗಳಲ್ಲಿ, ಅರ್ಜಿಗಳಲ್ಲಿ. ಮಾತಿನಲ್ಲಿ ಬಂದರೆ ಅಂಗಲಾಚಿದಂತೆ, ಇಲ್ಲವೇ "ದಯವಿಟ್ಟು ಸುಮ್ನಿರಿ" ಎಂಬಂತೆ ಸಿಟ್ಟಾಗಿ ಕೇಳುತ್ತದೆ. ಹಾಗೆಂದು ಎಲ್ಲರಿಗೂ 'ಕೊಡಿ' ಒಪ್ಪುವುದಿಲ್ಲ. ಗೆಳೆಯನಿಗೆ "ಪೆನ್ನು ಕೊಡಿ" ಎಂದರೆ ಮುನಿಸೋ ಲೇವಡಿಯೋ ಎಂದುಕೊಳ್ಳುತ್ತಾನೆ.

ಆದ್ದರಿಂದ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರುವಾಗ 'ಪ್ಲೀಸ್'ಗೆ ಪದ ಹುಡುಕಬೇಡಿ. ಎದುರಿಗೆ ಯಾರಿದ್ದಾರೆ ನೋಡಿ, ಕ್ರಿಯಾಪದದ ಕೊನೆಯನ್ನು ಸರಿಮಾಡಿ.