ಪುಸ್ತಕ ಓದಿ, ಹತ್ತು ಗುಂಟೆಯಲ್ಲಿ ಒರೆಗೆ ಹಚ್ಚಿ

ಮಠಗಳ ಜಾತ್ರೆಯಲ್ಲಿ ವಚನ ಸಾಹಿತ್ಯದ ಪಕ್ಕದಲ್ಲೇ ಈಗ ಸಾವಯವ ಕೃಷಿಯ ಪುಸ್ತಕಗಳೂ ಮಾರಾಟಕ್ಕೆ ಇರುತ್ತವೆ. ಅಂಥದೊಂದು ಪುಸ್ತಕ ಓದಿದ ಎರಡೆಕರೆಯ ಒಣಬೇಸಾಯದ ರೈತ ಬಂಧುವೊಬ್ಬರು ಅದೇ ವರ್ಷ ಯೂರಿಯಾ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಜೀವಾಮೃತವನ್ನಷ್ಟೇ ನಂಬಿದರು. ಒಂದೂವರೆ ತಿಂಗಳಲ್ಲಿ ಜೋಳದ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದವು. ತೆನೆ ಸಣ್ಣದಾಯಿತು. ಮರುವರ್ಷ ಅವರು ಸಾಲ ಮಾಡಿ, ಮೊದಲಿಗಿಂತ ಹೆಚ್ಚು ಗೊಬ್ಬರ ತಂದರು. ಇನ್ನೊಮ್ಮೆ ಆ ಪುಸ್ತಕ ಮುಟ್ಟಲಿಲ್ಲ.

ಅವರು ಎಡವಿದ್ದು ಎಲ್ಲಿ? ಹಳದಿ ಮೊದಲು ಕೆಳಗಿನ ಎಲೆಯಲ್ಲಿ ಕಂಡರೆ ಅದು ಸಾಮಾನ್ಯವಾಗಿ ಸಾರಜನಕದ ಕೊರತೆ. ಹಾಗಾಗಿ ಸಾರಜನಕದ ಲೆಕ್ಕವನ್ನೇ ನೋಡೋಣ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಸುಭಾಷ್ ಪಾಳೇಕರ್ ಅವರ ಕ್ರಮದಲ್ಲಿ ಎಕರೆಗೆ ಒಂದು ಸಲದ ಜೀವಾಮೃತಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಬೇಕು. ಇವೆಲ್ಲದರ ಸಾರಜನಕ ಕೂಡಿಸಿದರೆ ಕಾಲು ಕಿಲೋದ ಆಸುಪಾಸು. ಹತ್ತು ಸಲ ಹಾಕಿದರೂ ಎರಡೂವರೆ ಕಿಲೋ. ಪಾಳೇಕರ್ ಅವರೂ ಇದನ್ನು ಗೊಬ್ಬರವೆನ್ನುವುದಿಲ್ಲ. ಮಣ್ಣಿನ ಜೀವಾಣುಗಳಿಗೆ ಹಾಕುವ ಹೆಪ್ಪು ಎನ್ನುತ್ತಾರೆ. ಹೆಪ್ಪಿದ್ದರೆ ಸಾಲದು, ಹಾಲೂ ಬೇಕು. ಆ ಹಾಲು ಅವರ ಪುಸ್ತಕದಲ್ಲೇ ಇರುವ ಮುಚ್ಚಿಗೆ ಮತ್ತು ದ್ವಿದಳ ಮಿಶ್ರಬೆಳೆ. ನಮ್ಮ ಬಂಧು ಆ ಪುಟಗಳನ್ನು ದಾಟಿಬಿಟ್ಟಿದ್ದರು.

ಜಪಾನಿನ ಮಸನೊಬು ಫುಕುವೊಕಾ ಅವರ ‘ಒಂದು ಹುಲ್ಲಿನ ಕ್ರಾಂತಿ’ಯನ್ನೂ ಅನೇಕರು ಹೀಗೆ ಅರ್ಧ ಓದುತ್ತಾರೆ. ಉಳುಮೆ ಬೇಡ, ಗೊಬ್ಬರ ಬೇಡ ಎಂಬುದು ನೆನಪಿನಲ್ಲಿ ಉಳಿಯುತ್ತದೆ. ಮೊದಲಿಗೆ ತಂದೆಯ ಕಿತ್ತಳೆ ತೋಟವನ್ನು ಸುಮ್ಮನೆ ಬಿಟ್ಟು ಮರಗಳನ್ನು ಕಳೆದುಕೊಂಡೆನೆಂದು ಅವರೇ ಹೇಳಿಕೊಂಡದ್ದು ಮರೆತುಹೋಗುತ್ತದೆ. ಅವರದು ಒಳ್ಳೆಯ ಮಳೆಯ ನಾಡು. ಭತ್ತದ ಹುಲ್ಲನ್ನೆಲ್ಲ ಗದ್ದೆಗೇ ಹರಡುತ್ತಿದ್ದರು. ನಮ್ಮಲ್ಲಿ ಜೋಳದ ಕಣಿಕೆ ಎತ್ತಿನ ಬಾಯಿಗೆ ಹೋಗಬೇಕು. ಹಾಗಿರುವಾಗ ನಮ್ಮ ಹೊಲಕ್ಕೆ ಮರಳುವುದು ಹುಲ್ಲಲ್ಲ, ಸಗಣಿ.

ಆದ್ದರಿಂದ ನಮ್ಮ ಸಣ್ಣ ರೈತ ಮೊದಲು ತಿಳಿಯಬೇಕಾದದ್ದು ಆಲ್ಬರ್ಟ್ ಹೋವರ್ಡ್ ಅವರ ಕಾಂಪೋಸ್ಟ್ ಕ್ರಮ. 1940ರಲ್ಲಿ ಬಂದ ಅವರ ಪುಸ್ತಕದ ತಿರುಳು ಹುಟ್ಟಿದ್ದು ಇಂದೋರಿನಲ್ಲಿ. ಕಸಕಡ್ಡಿ, ಸಗಣಿ, ಗಂಜಲ ಹೀರಿದ ಕೊಟ್ಟಿಗೆಯ ಮಣ್ಣು, ಬೂದಿ ಇವನ್ನು ಪದರ ಪದರವಾಗಿ ಒಟ್ಟಿ, ಹದವಾಗಿ ನೀರು ಚಿಮುಕಿಸಿ, ಎರಡು ಮೂರು ಸಲ ತಿರುವಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ರಾಶಿಗೆ ಕೋಲು ಚುಚ್ಚಿ ಕೆಲವು ದಿನ ಬಿಟ್ಟು ತೆಗೆದರೆ ಅದು ಬಿಸಿಯಾಗಿರಬೇಕು. ದುರ್ನಾತ ಬಂದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ. ತಿರುವಿ ಒಣ ಕಸ ಸೇರಿಸಿ. ಕೋಲು ತಣ್ಣಗಿದ್ದು ಒಳಗೆ ಬೂದುಬಣ್ಣದ ಒಣ ಬೂಷ್ಟು ಕಂಡರೆ ನೀರು ಸಾಲದು.

ಲೆಕ್ಕ ಇಲ್ಲಿಯೂ ಬೇಕು. ಒಂದು ಟನ್ ಒಳ್ಳೆಯ ಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕವಿದ್ದರೂ ಮೊದಲ ಬೆಳೆಗೆ ದಕ್ಕುವುದು ಅದರ ಒಂದು ಪಾಲು ಮಾತ್ರ; ಉಳಿದದ್ದು ಮುಂದಿನ ವರ್ಷಗಳಿಗೆ. ಅದಕ್ಕಾಗಿ ಎರಡೆಕರೆಯಲ್ಲಿ ಹತ್ತು ಗುಂಟೆ ಮಾತ್ರ ಬೇರೆ ಮಾಡಿ. ಮುಂಗಾರಿನಲ್ಲಿ ಅಲ್ಲಿ ಹೆಸರು ಬಿತ್ತಿ, ಕಾಯಿ ಬಿಡಿಸಿಕೊಂಡ ಮೇಲೆ ಗಿಡವನ್ನು ಮಣ್ಣಿಗೇ ಸೇರಿಸಿ. ಹಿಂಗಾರಿ ಜೋಳಕ್ಕೆ ಮೊದಲು ಒಂದು ಟನ್ ಗೊಬ್ಬರ ಹರಡಿ. ಯೂರಿಯಾವನ್ನು ಮೊದಲ ವರ್ಷ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಪಕ್ಕದ ಹತ್ತು ಗುಂಟೆ ಹಳೆಯ ಪದ್ಧತಿಯಲ್ಲೇ ಇರಲಿ. ರಾಶಿ ಮಾಡಿದಾಗ ಎರಡನ್ನೂ ಬೇರೆ ಬೇರೆ ತೂಗಿ, ಖರ್ಚನ್ನೂ ಬರೆದಿಡಿ. ತೂಕ ಇಳಿಯದಿದ್ದರೆ ಮರುವರ್ಷ ಇನ್ನಷ್ಟು ಕಡಿಮೆ ಮಾಡಿ, ಗುಂಟೆ ಹೆಚ್ಚಿಸಿ. ಇಳಿದರೆ ಸೋತದ್ದು ಹತ್ತು ಗುಂಟೆ, ಸಂಸಾರವಲ್ಲ.

ದೇಸಿ ಹಸುವಿನ ಸಗಣಿಯೇ ಆಗಬೇಕೆಂದು ಕೆಲವು ಪುಸ್ತಕಗಳು ಹೇಳುತ್ತವೆ. ಮನೆಯಲ್ಲಿ ಎಮ್ಮೆಯಷ್ಟೇ ಇರುವವರು ಅದರ ಸಗಣಿಯನ್ನೇ ಬಳಸಿ ತೂಗಿ ನೋಡಲಿ. ಅರಿವನ್ನೇ ಗುರುವೆಂದ ಶರಣರ ಮಕ್ಕಳು ನಾವು. ಕೃಷಿಯ ಗ್ರಂಥಕ್ಕೂ ಕುರುಡಾಗಿ ಕೈಮುಗಿಯಬೇಕಿಲ್ಲ.

ಪೂಜ್ಯರಲ್ಲಿ ಒಂದು ಅರಿಕೆ. ದಾಸೋಹಕ್ಕೆ ಬೆಳೆಯುವ ಮಠದ ಜಮೀನಿನಲ್ಲಿಯೇ ಹತ್ತು ಹತ್ತು ಗುಂಟೆಯ ಇಂಥ ಎರಡು ಪಟ್ಟಿಗಳಿರಲಿ. ಎರಡರ ಖರ್ಚು ಮತ್ತು ತೂಕವನ್ನು ಮಹಾದ್ವಾರದ ಹಲಗೆಯ ಮೇಲೆ ಬರೆಸಿ. ಕಡಿಮೆ ಬಂದ ವರ್ಷವೂ ಬರೆಸಿ. ಜಾತ್ರೆಗೆ ಬಂದ ರೈತ ಪುಸ್ತಕ ಕೊಳ್ಳುವ ಮೊದಲು ಆ ಹಲಗೆಯನ್ನು ಓದಲಿ.