ಪ್ರಶ್ನೆ ಕೇಳುವಾಗ ದನಿ ಏರಲೇಬೇಕೇ?

ಪ್ರಶ್ನೆಯ ಕೊನೆಯಲ್ಲಿ ದನಿ ಏರುತ್ತದೆ, ಹೇಳಿಕೆಯ ಕೊನೆಯಲ್ಲಿ ಇಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ.

ಇಂಗ್ಲಿಷಿನ ‘ಯು ಆರ್ ಕಮಿಂಗ್’ ಎಂಬ ಹೇಳಿಕೆಯನ್ನು ಒಂದು ಪದವನ್ನೂ ಬದಲಿಸದೆ, ಕೊನೆಗೆ ದನಿ ಏರಿಸಿಯೇ ಪ್ರಶ್ನೆಯಾಗಿಸಬಹುದು. ಆದರೆ ‘ವೇರ್ ಆರ್ ಯು ಗೋಯಿಂಗ್’ ಎಂದು ಕೇಳುವಾಗ ದನಿ ಸಾಮಾನ್ಯವಾಗಿ ಇಳಿಯುತ್ತದೆ. ಇದು ಪ್ರಶ್ನೆ ಎಂದು ‘ವೇರ್’ ಪದವೇ ಮೊದಲು ಹೇಳಿಬಿಟ್ಟಿರುತ್ತದೆ.

ಕನ್ನಡದಲ್ಲಿ ಹೌದು-ಇಲ್ಲ ಎಂದು ಉತ್ತರಿಸುವ ಪ್ರಶ್ನೆಗೂ ಗುರುತಿದೆ. ‘ಊಟ ಆಯ್ತು’ ಎಂಬುದು ‘ಊಟ ಆಯ್ತಾ’ ಆದರೆ ಸಾಕು, ಕೊನೆಯ ‘ಆ’ ಅದನ್ನು ಪ್ರಶ್ನೆಯಾಗಿಸುತ್ತದೆ. ಹಾಗಾಗಿ ದನಿಯನ್ನು ಬೇರೆ ಕೆಲಸಕ್ಕೆ ಬಳಸಬಹುದು. ‘ಯಾವಾಗ ಬಂದೆ’ ಎಂದು ದನಿ ಇಳಿಸಿ ಕೇಳಿದರೆ ಸಮಯ ತಿಳಿಯಬೇಕಿದೆ ಎಂದರ್ಥ. ಅದನ್ನೇ ದನಿ ಏರಿಸಿ ಕೇಳಿದರೆ ‘ಏನಂದೆ, ಇನ್ನೊಮ್ಮೆ ಹೇಳು’ ಎಂಬ ಅಚ್ಚರಿ.

ಮೆಸೇಜಿನಲ್ಲಿ ಅಕ್ಷರ ಹೋಗುತ್ತದೆ, ದನಿ ಹೋಗುವುದಿಲ್ಲ. ‘ಊಟ ಆಯ್ತಾ’ ಎಂಬುದು ಪ್ರಶ್ನಾರ್ಥಕ ಚಿಹ್ನೆ ಇಲ್ಲದೆಯೂ ಅರ್ಥವಾಗುತ್ತದೆ. ‘ಆಯ್ತು ಬಿಡು’ ಎಂದು ಬಂದರೆ ಮಾತ್ರ ಅದು ಒಪ್ಪಿಗೆಯೋ ಮುನಿಸೋ ತಿಳಿಯದು, ಏಕೆಂದರೆ ಆ ವ್ಯತ್ಯಾಸವಿದ್ದದ್ದು ದನಿಯಲ್ಲಿ. ಅಂಥ ಕಡೆ ಬೇಸರಪಡುವ ಮೊದಲು ಒಂದು ಫೋನ್ ಮಾಡಿ ಕೇಳಿ.